12 ಫ್ಲ್ಯಾಟ್‌ಗಳ ಪ್ರಾಜೆಕ್ಟಿಗೆ ಎಷ್ಟು ಸಾಲ ಕೇಳಬೇಕು? ಕ್ಯಾಶ್ ಫ್ಲೋ ಶೀಟ್ ಹೀಗೆ ಮಾಡಿ

ಸಣ್ಣ ಬಿಲ್ಡರ್‌ಗಳು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಪ್ರಾಜೆಕ್ಟಿನಲ್ಲಿ ಲಾಭ ಚೆನ್ನಾಗಿದೆ ಸಾರ್, ಆದ್ರೂ ಬ್ಯಾಂಕಿನವರು ಕ್ಯಾಶ್ ಫ್ಲೋ ತನ್ನಿ ಅಂತ ಫೈಲ್ ವಾಪಸ್ ಕಳಿಸ್ತಾರೆ. ಏನು ಬರೀಬೇಕು ಅದರಲ್ಲಿ?"

ಕ್ಯಾಶ್ ಫ್ಲೋ ಅಂದರೆ ಯಾವ ತಿಂಗಳು ಕೈಗೆ ಎಷ್ಟು ದುಡ್ಡು ಬರುತ್ತದೆ, ಎಷ್ಟು ಹೋಗುತ್ತದೆ ಅನ್ನೋ ಪಟ್ಟಿ. ಲಾಭದ ಲೆಕ್ಕಕ್ಕೆ ತಾರೀಖು ಬೇಡ. ಕ್ಯಾಶ್ ಫ್ಲೋಗೆ ತಾರೀಖೇ ಮುಖ್ಯ. ಬ್ಯಾಂಕಿನವರು ಅದರಲ್ಲಿ ಮೊದಲು ಹುಡುಕುವುದು ಒಂದೇ ಸಂಖ್ಯೆ: ಕೆಲಸ ನಡೆಯುವಾಗ ನಿಮ್ಮ ಕೊರತೆ ಅತಿ ಹೆಚ್ಚು ಎಂದರೆ ಎಷ್ಟಕ್ಕೆ ಮುಟ್ಟುತ್ತದೆ, ಯಾವಾಗ ಮುಟ್ಟುತ್ತದೆ. ಈ ಲೇಖನದಲ್ಲಿ ಅದನ್ನು 'ಹಳ್ಳ' ಅಂತ ಕರೆಯುತ್ತೇನೆ. ಸಾಲ ಕೇಳಬೇಕಾದದ್ದು ಹಳ್ಳದ ಆಳ ನೋಡಿ.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಮೈಸೂರಿನ ಹೊರವಲಯದಲ್ಲಿ 80×100 ಅಡಿಯ ಜಾಗ, ಸ್ಟಿಲ್ಟ್ ಪಾರ್ಕಿಂಗ್ ಮೇಲೆ 12 ಫ್ಲ್ಯಾಟ್. ಒಂದೊಂದು 1,200 ಚದರ ಅಡಿ, ಬೆಲೆ 60 ಲಕ್ಷ. ಅಂಕಿಗಳು ವಿವರಿಸಲು ನಾನು ಹಿಡಿದವು. ನಿಮ್ಮ ಜಾಗಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಕೂರುವ ಮೊದಲು ಕೈಯಲ್ಲಿರಬೇಕಾದದ್ದು

ಎಂಜಿನಿಯರ್ ಕೊಟ್ಟ ಎಸ್ಟಿಮೇಟ್ ಬೇಕು, ಅದೂ ಹಂತ ಹಂತವಾಗಿ ಒಡೆದದ್ದು. ಒಟ್ಟು ಮೊತ್ತದ ಒಂದೇ ಸಾಲು ಇದ್ದರೆ ಉಪಯೋಗವಿಲ್ಲ. ಜೊತೆಗೆ ಕಂಟ್ರಾಕ್ಟರ್ ಜೊತೆ ಆಗಿರುವ ಪೇಮೆಂಟ್ ಮಾತುಕತೆ, ನೀವು ಗಿರಾಕಿಗೆ ಕೊಡುವ ಕಂತಿನ ಪಟ್ಟಿ, ಪ್ಲಾನ್ ಅಪ್ರೂವಲ್ ಯಾವ ಹಂತದಲ್ಲಿದೆ ಅನ್ನೋ ಮಾಹಿತಿ. ಇಷ್ಟಿದ್ದರೆ ಒಂದು ಎಕ್ಸೆಲ್ ಶೀಟ್ ಸಾಕು.

ಹಂತ 1: ಕೆಲಸಕ್ಕೆ ಕ್ಯಾಲೆಂಡರ್ ಹಾಕಿ

ಸಣ್ಣ ಪ್ರಾಜೆಕ್ಟಿಗೆ ಮೂರು ಮೂರು ತಿಂಗಳ ಲೆಕ್ಕ ಸಾಕು. ಅದನ್ನು ಕ್ವಾರ್ಟರ್ ಅನ್ನೋಣ. ನಮ್ಮ ಉದಾಹರಣೆಯಲ್ಲಿ ಎಂಟು ಕ್ವಾರ್ಟರ್, ಅಂದರೆ ಎರಡು ವರ್ಷ.

ಮೊದಲ ಕ್ವಾರ್ಟರ್‌ನಲ್ಲಿ ಒಂದು ಇಟ್ಟಿಗೆಯೂ ಏಳುವುದಿಲ್ಲ, ಒಂದು ರೂಪಾಯಿಯೂ ಬರುವುದಿಲ್ಲ. ಅದು ಅಪ್ರೂವಲ್ ಮತ್ತು ರೇರಾ ನೋಂದಣಿಯ ಕಾಲ. ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣಕ್ಕಾಗಿ 2016ರಲ್ಲಿ ಬಂದ ಕಾಯ್ದೆ. ನಮ್ಮ ಜಾಗ ಸುಮಾರು 743 ಚದರ ಮೀಟರ್, ಫ್ಲ್ಯಾಟ್ 12. ಕಾಯ್ದೆಯ ವಿನಾಯಿತಿ ಇರುವುದು 500 ಚದರ ಮೀಟರ್ ಮತ್ತು 8 ಫ್ಲ್ಯಾಟ್‌ಗಳ ಮಿತಿಗೆ. ನಾವು ಎರಡನ್ನೂ ಮೀರಿದ್ದೇವೆ, ಹಾಗಾಗಿ ನೋಂದಣಿ ಕಡ್ಡಾಯ. ನೋಂದಣಿ ನಂಬರ್ ಬರುವವರೆಗೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. "ಪರಿಚಯದವರೇ ಇಬ್ಬರು ಅಡ್ವಾನ್ಸ್ ಕೊಡ್ತಾರೆ" ಅಂತ ಮೊದಲ ಕ್ವಾರ್ಟರ್‌ಗೆ ದುಡ್ಡು ಬರೆದುಕೊಂಡು ಬರುವವರನ್ನು ನೋಡಿದ್ದೇನೆ. ಅದನ್ನು ಬ್ಯಾಂಕಿಗೆ ತೋರಿಸುವುದು ಅಂದರೆ ತಪ್ಪನ್ನು ನೀವೇ ಬರೆದುಕೊಟ್ಟ ಹಾಗೆ.

ಕ್ಯಾಲೆಂಡರ್ ಹಾಕುವಾಗ ಮಳೆಗಾಲ ಎಲ್ಲಿ ಬೀಳುತ್ತದೆ ನೋಡಿ. ಪಾಯ ಅಗೆಯುವ ಕೆಲಸ ಜೂನ್‌ಗೆ ಬಿದ್ದರೆ ಒಂದು ತಿಂಗಳು ಹೆಚ್ಚಿಗೆ ಇಟ್ಟುಕೊಳ್ಳಿ.

ಹಂತ 2: ಖರ್ಚನ್ನು ಕ್ವಾರ್ಟರ್‌ಗೆ ಹಂಚಿ

ನಮ್ಮ ಪ್ರಾಜೆಕ್ಟಿನ ಖರ್ಚು ಹೀಗಿದೆ. ಜಾಗ 180 ಲಕ್ಷ, ಬಿಲ್ಡರ್ ಸ್ವಂತ ದುಡ್ಡಲ್ಲಿ ಆಗಲೇ ಕೊಂಡಿದ್ದಾನೆ. ಕಟ್ಟಡ 320 ಲಕ್ಷ. ಅಪ್ರೂವಲ್, ಆರ್ಕಿಟೆಕ್ಟ್, ಕರೆಂಟ್ ಸಂಪರ್ಕ ಎಲ್ಲ ಸೇರಿ 30 ಲಕ್ಷ, ಅದರಲ್ಲಿ 20 ಮೊದಲ ಕ್ವಾರ್ಟರ್‌ನಲ್ಲಿ, 10 ಏಳರಲ್ಲಿ. ಆಫೀಸ್ ಮತ್ತು ಮಾರಾಟದ ಖರ್ಚು ಕ್ವಾರ್ಟರ್‌ಗೆ 3 ಲಕ್ಷದಂತೆ 24 ಲಕ್ಷ. ಒಟ್ಟು 554 ಲಕ್ಷ. 12 ಫ್ಲ್ಯಾಟ್ ಮಾರಿದರೆ 720 ಲಕ್ಷ. ಬಡ್ಡಿಗೆ ಮೊದಲು 166 ಲಕ್ಷ ಉಳಿಯುತ್ತದೆ.

ಜಾಗದ ದುಡ್ಡನ್ನು ಶೀಟಿನಲ್ಲಿ ನಿಮ್ಮ ಬಂಡವಾಳ ಅಂತ ತೋರಿಸಿ, ಸಾಲದ ಲೆಕ್ಕಕ್ಕೆ ತರಬೇಡಿ. ಬ್ಯಾಂಕುಗಳು ಬಿಲ್ಡರಿಗೆ ನೆಲ ಕೊಳ್ಳಲು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ.

ಕಟ್ಟಡದ 320 ಲಕ್ಷವನ್ನು ಎಂಟರಿಂದ ಭಾಗಿಸಿ ಸಮನಾಗಿ ಹಂಚುವುದು ತುಂಬಾ ಜನ ಮಾಡುವ ತಪ್ಪು. ಕಟ್ಟಡದ ಖರ್ಚು ಹಾಗೆ ನಡೆಯುವುದಿಲ್ಲ. ಪಾಯ ಮತ್ತು ಪ್ಲಿಂತ್‌ಗೆ (ನೆಲಮಟ್ಟಕ್ಕೆ ಬರುವ ಕೆಲಸ) 48 ಲಕ್ಷ, ಎರಡನೇ ಕ್ವಾರ್ಟರ್. ಮೋಲ್ಡ್‌ಗಳಿಗೆ (ಸ್ಲ್ಯಾಬ್) ಮೂರು ಮತ್ತು ನಾಲ್ಕನೇ ಕ್ವಾರ್ಟರ್‌ನಲ್ಲಿ 48, 48. ಗೋಡೆ, ಪ್ಲಾಸ್ಟರ್ 64, ಐದರಲ್ಲಿ. ಟೈಲ್ಸ್, ಬಾಗಿಲು, ಕಿಟಕಿ, ವೈರಿಂಗ್, ಪ್ಲಂಬಿಂಗ್ 80, ಆರರಲ್ಲಿ. ಲಿಫ್ಟ್, ಪೇಂಟ್, ಸಂಪ್, ಕಾಂಪೌಂಡ್ 32, ಏಳರಲ್ಲಿ.

ನೋಡಿ, ಅತಿ ದೊಡ್ಡ ಖರ್ಚು ಬರುವುದು ಮೋಲ್ಡ್ ಮುಗಿದ ಮೇಲೆ. ಹೊರಗಿನಿಂದ ನೋಡುವವರಿಗೆ ಕಟ್ಟಡ ಮುಗಿದೇ ಹೋಯ್ತು ಅನ್ನಿಸುವ ಹೊತ್ತಿಗೆ ನಿಜವಾದ ಖರ್ಚು ಶುರುವಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಐದನೇ ಹಂತದಲ್ಲಿ ಬೇಕಾಗುತ್ತದೆ.

ಕಟ್ಟಡದ ಖರ್ಚಿನಲ್ಲಿ ಕಂಟ್ರಾಕ್ಟರ್ ಬಿಲ್ಲಿನ 18% ಜಿಎಸ್‌ಟಿ ಸೇರಿಸಿದ್ದೀರಾ ನೋಡಿಕೊಳ್ಳಿ. 2019ರ ಏಪ್ರಿಲ್‌ನಿಂದ ಬಂದ ಪದ್ಧತಿಯಲ್ಲಿ ಗಿರಾಕಿಯಿಂದ ನೀವು ವಸೂಲಿ ಮಾಡುವುದು 5%. ಆದರೆ ನೀವು ಕೊಟ್ಟ ಜಿಎಸ್‌ಟಿಯನ್ನು ಅದರಲ್ಲಿ ಕಳೆದುಕೊಳ್ಳುವಂತಿಲ್ಲ. ಕೊಟ್ಟದ್ದೆಲ್ಲ ಖರ್ಚೇ. ಕೊಟೇಶನ್ ಕೆಳಗೆ ಸಣ್ಣಕ್ಷರದಲ್ಲಿ "ಜಿಎಸ್‌ಟಿ ಪ್ರತ್ಯೇಕ" ಅಂತ ಇದ್ದು ನೀವು ನೋಡದೇ ಹೋದರೆ ಲಾಭದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ಕಂಟ್ರಾಕ್ಟರ್ ಬಿಲ್ಲಿನಲ್ಲಿ ರಿಟೆನ್ಶನ್ ಅಂತ (ಕೆಲಸ ಸರಿಯಿದೆಯೇ ಅಂತ ನೋಡಲು ಹಿಡಿದಿಡುವ ದುಡ್ಡು) 5% ಹಿಡಿಯುವ ರೂಢಿ ಇದೆ. ಇನ್ನೊಂದು ಕಡೆ ಕಬ್ಬಿಣಕ್ಕೆ ಮುಂಗಡ ಕೊಡಬೇಕಾಗುತ್ತದೆ. ಎರಡೂ ಒಂದಕ್ಕೊಂದು ಹೊಂದುತ್ತವೆ ಅಂತ ಹಿಡಿದು ಇಲ್ಲಿ ಬಿಟ್ಟಿದ್ದೇನೆ.

ಹಂತ 3: ಮಾರಾಟ ಒಂದು ಸಾಲು, ದುಡ್ಡು ಬರುವುದು ಇನ್ನೊಂದು ಸಾಲು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಶೀಟ್ ಕೆಡುವುದು ಹೆಚ್ಚಾಗಿ ಇಲ್ಲೇ.

ಫ್ಲ್ಯಾಟ್ ಮಾರಾಟ ಆದ ದಿನ 60 ಲಕ್ಷ ಬರುವುದಿಲ್ಲ. ಕಂತಿನಲ್ಲಿ ಬರುತ್ತದೆ. ನಮ್ಮ ಪಟ್ಟಿ ಹೀಗಿದೆ ಅನ್ನಿ: ಅಗ್ರಿಮೆಂಟ್ ವೇಳೆಗೆ 20%, ಪ್ಲಿಂತ್ ಮುಗಿದಾಗ 15%, ಅರ್ಧ ಮೋಲ್ಡ್‌ಗೆ 15%, ಕೊನೆಯ ಮೋಲ್ಡ್‌ಗೆ 20%, ಪ್ಲಾಸ್ಟರ್‌ಗೆ 15%, ಟೈಲ್ಸ್ ಮತ್ತು ಫಿಟ್ಟಿಂಗ್‌ಗೆ 10%, ಕೀ ಕೊಡುವಾಗ 5%.

ಮೊದಲ 20% ಬಗ್ಗೆ ಒಂದು ಎಚ್ಚರಿಕೆ. ರೇರಾ ಪ್ರಕಾರ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ 10%ಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಉಳಿದ 10% ಬೇಕಾದರೆ ಅಗ್ರಿಮೆಂಟ್ ರಿಜಿಸ್ಟರ್ ಆಗಲೇಬೇಕು.

ಮುಂದಿನ ಕಂತುಗಳು ಹೆಚ್ಚಾಗಿ ಗಿರಾಕಿಯ ಹೋಮ್ ಲೋನ್‌ನಿಂದ ಬರುತ್ತವೆ. ನೀವು ಡಿಮ್ಯಾಂಡ್ ಲೆಟರ್ (ಕಂತು ಕಟ್ಟಿ ಎಂಬ ಪತ್ರ) ಕಳಿಸುತ್ತೀರಿ. ಗಿರಾಕಿ ಅದನ್ನು ತನ್ನ ಬ್ಯಾಂಕಿಗೆ ಕೊಡುತ್ತಾನೆ. ಬ್ಯಾಂಕಿನ ಕಡೆಯವರು ಬಂದು ಮೋಲ್ಡ್ ನಿಜವಾಗಿ ಬಿದ್ದಿದೆಯಾ ಅಂತ ನೋಡಿ ಹೋಗುತ್ತಾರೆ. ಆಮೇಲೆ ದುಡ್ಡು. ಅದಕ್ಕೇ ನಾನು ಹಂತ ಮುಗಿದ ಕ್ವಾರ್ಟರ್‌ಗೆ ಬರೆಯದೆ ಮುಂದಿನ ಕ್ವಾರ್ಟರ್‌ಗೆ ಬರೆಯುತ್ತೇನೆ. ಕೆಲವು ಗಿರಾಕಿಗಳು ಬೇಗ ಕೊಡುತ್ತಾರೆ, ನಿಜ. ಆದರೆ ಎಲ್ಲರೂ ಹಾಗೆ ಅಂತ ಹಿಡಿದ ಶೀಟ್ ನಿಲ್ಲುವುದಿಲ್ಲ.

ಮಾರಾಟದ ವೇಗ: ಎರಡನೇ ಕ್ವಾರ್ಟರ್‌ನಿಂದ ಆರನೆಯದರವರೆಗೆ ಎರಡೆರಡು, ಏಳು ಮತ್ತು ಎಂಟರಲ್ಲಿ ಒಂದೊಂದು. ಇದನ್ನು ಹಾಕುವಾಗ ಪಂಚಾಂಗವೂ ಪಕ್ಕದಲ್ಲಿರಲಿ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಅಗ್ರಿಮೆಂಟ್ ಮಾಡಿಸಿಕೊಳ್ಳಲು ಜನ ಹಿಂದೆ ಮುಂದೆ ನೋಡುತ್ತಾರೆ. ರೇರಾ ನಂಬರ್ ಆಷಾಢದ ಮುಂಚೆ ಕೈಗೆ ಬಂದರೂ ದುಡ್ಡು ಶ್ರಾವಣಕ್ಕೇ.

ಈಗ ಒಂದು ಕ್ವಾರ್ಟರ್ ಲೆಕ್ಕ ಹಾಕಿ ನೋಡೋಣ. ನಾಲ್ಕನೇ ಕ್ವಾರ್ಟರ್ ತೆಗೆದುಕೊಳ್ಳಿ. ಅದಕ್ಕೆ ಮೊದಲೇ ನಾಲ್ಕು ಫ್ಲ್ಯಾಟ್ ಮಾರಾಟವಾಗಿದೆ. ಮೂರನೇ ಕ್ವಾರ್ಟರ್ ಕೊನೆಗೆ ಅರ್ಧ ಮೋಲ್ಡ್ ಮುಗಿದಿತ್ತು. ಅಂದರೆ ಆ ನಾಲ್ವರು 20+15+15, ಒಟ್ಟು 50% ಕೊಟ್ಟಿರಬೇಕು. ತಲಾ 30 ಲಕ್ಷ, ನಾಲ್ಕಕ್ಕೆ 120. ಈ ಕ್ವಾರ್ಟರ್‌ನಲ್ಲಿ ಹೊಸದಾಗಿ ಬಂದ ಇಬ್ಬರು 20%, ಅಂದರೆ ತಲಾ 12 ಲಕ್ಷ, ಒಟ್ಟು 24. ಇಲ್ಲಿಯವರೆಗೆ ಬಂದಿರಬೇಕಾದದ್ದು 144 ಲಕ್ಷ. ಹಿಂದಿನ ಕ್ವಾರ್ಟರ್‌ವರೆಗೆ ಬಂದದ್ದು 66. ಹಾಗಾದರೆ ಈ ಕ್ವಾರ್ಟರ್‌ಗೆ 78 ಲಕ್ಷ.

ಹೀಗೆ 'ಇಲ್ಲಿಯವರೆಗೆ ಒಟ್ಟು' ತೆಗೆದು ಹಿಂದಿನದನ್ನು ಕಳೆಯುವುದು ಸುಲಭ. ತಡವಾಗಿ ಬಂದ ಗಿರಾಕಿ ಹಿಂದಿನ ಕಂತುಗಳನ್ನೆಲ್ಲ ಒಟ್ಟಿಗೆ ಕಟ್ಟುತ್ತಾನಲ್ಲ, ಅದು ತಾನಾಗೇ ಲೆಕ್ಕಕ್ಕೆ ಬರುತ್ತದೆ.

ಹಂತ 4: ಎರಡನ್ನೂ ಪಕ್ಕ ಪಕ್ಕ ಇಟ್ಟು ಹಳ್ಳ ಹುಡುಕಿ

ಎಲ್ಲವೂ ಲಕ್ಷದಲ್ಲಿ. ಜಾಗದ 180 ಇದರಲ್ಲಿ ಇಲ್ಲ.

| ಕ್ವಾರ್ಟರ್ | ಬಂದದ್ದು | ಹೋದದ್ದು | ಕೂಡುತ್ತ ಬಂದ ಬಾಕಿ |
|---|---|---|---|
| 1 | 0 | 23 | −23 |
| 2 | 24 | 51 | −50 |
| 3 | 42 | 51 | −59 |
| 4 | 78 | 51 | −32 |
| 5 | 132 | 67 | 33 |
| 6 | 156 | 83 | 106 |
| 7 | 150 | 45 | 211 |
| 8 | 138 | 3 | 346 |

ಬಂದದ್ದು B ಕಾಲಂನಲ್ಲಿ, ಹೋದದ್ದು C ಕಾಲಂನಲ್ಲಿ ಇದ್ದರೆ, D2ರಲ್ಲಿ ಮೊದಲ ಸೂತ್ರ, D3ರಲ್ಲಿ ಎರಡನೆಯದು ಹಾಕಿ ಕೆಳಗೆ ಎಳೆಯಿರಿ. ಮೂರನೆಯದು ಹಳ್ಳದ ಆಳ ಕೊಡುತ್ತದೆ.

```
=B2-C2
=D2+B3-C3
=MIN(D2:D9)
```

ಕೊನೆಯ 346ರಿಂದ ಜಾಗದ 180 ಕಳೆದರೆ 166. ಎರಡನೇ ಹಂತದ ಲಾಭವೂ ಅದೇ. ಎರಡೂ ಹೊಂದದಿದ್ದರೆ ಎಲ್ಲೋ ಒಂದು ಕಂತು ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ. ಮುಂದೆ ಹೋಗುವ ಮೊದಲು ಅದನ್ನು ಹುಡುಕಿ.

ಹಳ್ಳ 59 ಲಕ್ಷ, ಮೂರನೇ ಕ್ವಾರ್ಟರ್‌ನಲ್ಲಿ. ತುಂಬಾ ಜನ ಇಲ್ಲಿಗೆ ನಿಲ್ಲಿಸಿ 60 ಲಕ್ಷ ಸಾಲ ಕೇಳುತ್ತಾರೆ. ನಿಲ್ಲಬೇಡಿ.

'ಬಂದದ್ದು' ಕಾಲಂನಲ್ಲಿ ಇರಬಾರದ ದುಡ್ಡು ಎರಡಿದೆ. ಗಿರಾಕಿ ಕೊಡುವ 5% ಜಿಎಸ್‌ಟಿ, ಫ್ಲ್ಯಾಟಿಗೆ 3 ಲಕ್ಷ, ನಿಮ್ಮದಲ್ಲ. ಮುಂದಿನ ತಿಂಗಳು ಸರ್ಕಾರಕ್ಕೆ ಕಟ್ಟಬೇಕು. ಅಕೌಂಟಿನಲ್ಲಿ ಇದೆಯಲ್ಲ ಅಂತ ಸಿಮೆಂಟಿಗೆ ಕೊಟ್ಟರೆ ಆಮೇಲೆ ಪರದಾಟ. ಇನ್ನೊಂದು ಟಿಡಿಎಸ್. 50 ಲಕ್ಷ ಮತ್ತು ಮೇಲ್ಪಟ್ಟ ಆಸ್ತಿಗೆ ಗಿರಾಕಿ 1% ಹಿಡಿದು ನಿಮ್ಮ ಪ್ಯಾನ್ ಹೆಸರಲ್ಲಿ ತೆರಿಗೆ ಇಲಾಖೆಗೆ ಕಟ್ಟುತ್ತಾನೆ. ಫ್ಲ್ಯಾಟಿಗೆ 60,000. ನಿಮ್ಮ ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ, ಆದರೆ ಸೈಟಿನ ಖರ್ಚಿಗೆ ಸಿಗುವುದಿಲ್ಲ. ಸಣ್ಣ ಮೊತ್ತ ಅಂತ ಮೇಲಿನ ಪಟ್ಟಿಯಲ್ಲಿ ಕಳೆದಿಲ್ಲ. ಬ್ಯಾಂಕಿಗೆ ಕೊಡುವ ಪ್ರತಿಯಲ್ಲಿ ಕಳೆಯಿರಿ.

ಬಂದ ದುಡ್ಡನ್ನೂ ಬೇಕಾದ ಹಾಗೆ ತೆಗೆಯುವಂತಿಲ್ಲ. ಗಿರಾಕಿಗಳಿಂದ ಬಂದದ್ದರಲ್ಲಿ 70% ಪ್ರಾಜೆಕ್ಟಿನ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗಬೇಕು. ಅದನ್ನು ಜಾಗ ಮತ್ತು ಕಟ್ಟಡದ ಖರ್ಚಿಗೆ ಮಾತ್ರ ಬಳಸಬಹುದು. ಅದೂ ಎಷ್ಟು ಕೆಲಸ ಮುಗಿದಿದೆಯೋ ಅಷ್ಟರ ಮಟ್ಟಿಗೆ, ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಸಿಎ ಮೂವರೂ ಸರ್ಟಿಫಿಕೇಟ್ ಕೊಟ್ಟ ಮೇಲೆ. ಇದರ ಅರ್ಥ, ಮುಂದಿನ ಮೋಲ್ಡ್‌ನ ಕಬ್ಬಿಣಕ್ಕೆ ಮುಂಗಡ ಕೊಡಲು ಈ ಖಾತೆಯನ್ನು ನಂಬಿಕೊಳ್ಳಬೇಡಿ. ಮೊದಲು ಕೆಲಸ, ಆಮೇಲೆ ಕಾಗದ, ಆಮೇಲೆ ದುಡ್ಡು. ಬ್ರೋಕರ್ ಕಮಿಷನ್, ಆಫೀಸ್ ಬಾಡಿಗೆಯೆಲ್ಲ ಉಳಿದ 30%ರಲ್ಲೇ ನಡೆಯಬೇಕು. ನಮ್ಮ ಉದಾಹರಣೆಯಲ್ಲಿ ಎರಡನೇ ಕ್ವಾರ್ಟರ್‌ನ 24 ಲಕ್ಷದಲ್ಲಿ 30% ಅಂದರೆ 7.2 ಲಕ್ಷ, ಆಫೀಸ್ ಖರ್ಚು 3 ಲಕ್ಷ. ಸಾಕಾಗುತ್ತದೆ. ನಿಮ್ಮದರಲ್ಲಿ ಸಾಕಾಗುತ್ತದಾ ನೋಡಿ.

ಹಂತ 5: ಮಾರಾಟವನ್ನು ಅರ್ಧ ಮಾಡಿ ಮತ್ತೆ ಓಡಿಸಿ

ಅದೇ ಶೀಟನ್ನು ಕಾಪಿ ಮಾಡಿ. ಖರ್ಚು ಮುಟ್ಟಬೇಡಿ. ಮಾರಾಟವನ್ನು ಮಾತ್ರ ಎರಡನೇ ಕ್ವಾರ್ಟರ್‌ನಿಂದ ಏಳನೆಯದರವರೆಗೆ ಒಂದೊಂದೇ ಫ್ಲ್ಯಾಟ್ ಅಂತ ಬದಲಿಸಿ. ಆರು ಫ್ಲ್ಯಾಟ್ ಕಟ್ಟಡ ಮುಗಿದ ಮೇಲೆ ಮಾರಾಟವಾಗುತ್ತವೆ ಅಂದುಕೊಳ್ಳಿ.

| ಕ್ವಾರ್ಟರ್ | ಬಂದದ್ದು | ಹೋದದ್ದು | ಬಾಕಿ |
|---|---|---|---|
| 1 | 0 | 23 | −23 |
| 2 | 12 | 51 | −62 |
| 3 | 21 | 51 | −92 |
| 4 | 39 | 51 | −104 |
| 5 | 66 | 67 | −105 |
| 6 | 78 | 83 | −110 |
| 7 | 81 | 45 | −74 |

ಬೆಲೆ ಅದೇ, ಖರ್ಚು ಅದೇ. ಬಡ್ಡಿ ಬಿಟ್ಟರೆ ಕೊನೆಗೆ ಸಿಗುವ ಲಾಭವೂ ಅದೇ 166. ಆದರೆ ಹಳ್ಳ 59ರಿಂದ 110ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು ಅದರ ಜಾಗ. ಮೊದಲು ಮೂರನೇ ಕ್ವಾರ್ಟರ್‌ನಲ್ಲಿತ್ತು, ಈಗ ಆರನೆಯದಕ್ಕೆ ಹೋಗಿದೆ. ಟೈಲ್ಸ್, ಕಿಟಕಿ, ವೈರಿಂಗ್‌ನ 80 ಲಕ್ಷದ ಕ್ವಾರ್ಟರ್ ಅದೇ.

ಮೋಲ್ಡ್ ಎಲ್ಲ ಮುಗಿದು, ಗೋಡೆ ಎದ್ದು, ಪ್ಲಾಸ್ಟರ್ ಆಗಿ, ಕಿಟಕಿಯ ತೂತುಗಳಿಗೆ ನೀಲಿ ಶೀಟ್ ಕಟ್ಟಿ ನಿಂತುಬಿಟ್ಟ ಅಪಾರ್ಟ್‌ಮೆಂಟ್ ನೀವೂ ನೋಡಿರುತ್ತೀರಿ. ಅವು ನಿಂತಿರುವುದು ಹೆಚ್ಚಾಗಿ ಈ ಆರನೇ ಕ್ವಾರ್ಟರ್‌ನಲ್ಲಿ. 60 ಲಕ್ಷ ಸಾಲ ತೆಗೆದವನು ಮಾರಾಟ ನಿಧಾನವಾದರೆ ಮೂರನೇ ಕ್ವಾರ್ಟರ್ ದಾಟುವುದೂ ಕಷ್ಟ. ಕಂಟ್ರಾಕ್ಟರ್‌ಗೆ ಬಾಕಿ ಇಟ್ಟು ಎಳೆದುಕೊಂಡು ಬಂದರೂ ಆರರಲ್ಲಿ ಕೈ ಎತ್ತುತ್ತಾನೆ. ಕೆಲಸ ನಿಂತರೆ ಡಿಮ್ಯಾಂಡ್ ಲೆಟರ್ ಕಳಿಸಲು ಹಂತವೇ ಮುಗಿಯುವುದಿಲ್ಲ. ಹಾಗಾಗಿ ಮಾರಿದ ಫ್ಲ್ಯಾಟ್‌ಗಳ ಕಂತೂ ನಿಲ್ಲುತ್ತದೆ.

ಈಗ ಬಡ್ಡಿ ಸೇರಿಸಿ. ವರ್ಷಕ್ಕೆ 14% ಅಂತ ಹಿಡಿದರೆ ಕ್ವಾರ್ಟರ್‌ಗೆ 3.5%. ಪ್ರತಿ ಕ್ವಾರ್ಟರ್ ಶುರುವಿನಲ್ಲಿ ಇದ್ದ ಬಾಕಿಗೆ ಬಡ್ಡಿ ಹಾಕಿ, ಅದನ್ನೂ ಬಾಕಿಗೇ ಸೇರಿಸುತ್ತ ಹೋದರೆ ಆರನೇ ಕ್ವಾರ್ಟರ್ ಕೊನೆಗೆ ಹಳ್ಳ ಸುಮಾರು 124 ಲಕ್ಷ ಆಗುತ್ತದೆ. ಬಡ್ಡಿಯನ್ನು ಕೊನೆಯಲ್ಲಿ ಒಂದೇ ಸಾಲಾಗಿ ಬರೆದರೆ ಈ 14 ಲಕ್ಷ ಕಣ್ಣಿಗೆ ಬೀಳುವುದೇ ಇಲ್ಲ.

ಕಟ್ಟಡದ ಖರ್ಚು 10% ಏರಿದರೆ? ಆರನೇ ಕ್ವಾರ್ಟರ್‌ವರೆಗೆ ಕಟ್ಟಡಕ್ಕೆ ಹೋಗಿರುವುದು 288 ಲಕ್ಷ, ಅದರ 10% ಸುಮಾರು 29. ಹಳ್ಳ 150 ದಾಟುತ್ತದೆ. ಈ ಭಾಗಕ್ಕೂ ಸಾಲ ಕೇಳಿ ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟು ದುಡ್ಡು ಎಲ್ಲಿಂದ ತರುತ್ತೀರಿ ಅಂತ ಪ್ರಪೋಸಲ್‌ನಲ್ಲಿ ಎರಡು ಸಾಲು ಬರೆಯಿರಿ. ಇನ್ನೊಂದು ಸೈಟ್ ಇದೆ, ಮನೆಯವರ ಡೆಪಾಸಿಟ್ ಇದೆ, ಹೀಗೆ ಏನಿದೆಯೋ ಅದು. ಸಾಲ ಕೊಡುವವರಿಗೆ ಈ ಎರಡು ಸಾಲು ಹತ್ತು ಪುಟದ ಬಣ್ಣದ ಬ್ರೋಷರ್‌ಗಿಂತ ಜಾಸ್ತಿ ಹೇಳುತ್ತದೆ.

ಹಂತ 6: ಸಾಲದ ಮೊತ್ತ, ಸಾಲದ ಗಡುವು

ನಿಧಾನ ಮಾರಾಟದ ಶೀಟನ್ನೇ ಆಧಾರ ಮಾಡಿಕೊಳ್ಳಿ. ಹಳ್ಳ 124. ಮೊದಲ ಕ್ವಾರ್ಟರ್‌ನ ಅಪ್ರೂವಲ್ ಖರ್ಚು ಸೇರಿ 35 ಲಕ್ಷ ನಿಮ್ಮ ಕೈಯಿಂದ ಹಾಕಿದರೆ ಸುಮಾರು 90 ಲಕ್ಷ ಸಾಲ ಕೇಳಬಹುದು. ಜಾಗದ 180 ಬೇರೆ ಇದೆ. ಸಾಲವನ್ನು ಒಂದೇ ಸಲ ಕೇಳಬೇಡಿ, ಹಂತಕ್ಕೆ ತಕ್ಕ ಹಾಗೆ ಬಿಡುಗಡೆ ಆಗಲಿ. ಇಲ್ಲದಿದ್ದರೆ ಬಳಸದ ದುಡ್ಡಿಗೂ ಬಡ್ಡಿ.

ಗಡುವಿನ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಮೊದಲ ಪಟ್ಟಿ ನೋಡಿದರೆ ಐದನೇ ಕ್ವಾರ್ಟರ್‌ಗೇ ಸಾಲ ತೀರುವಂತೆ ಕಾಣುತ್ತದೆ. ಎರಡನೆಯದರಲ್ಲಿ ಆಗ ಹಳ್ಳದ ಮಧ್ಯದಲ್ಲಿರುತ್ತೀರಿ. ಬಡ್ಡಿ ಸೇರಿ ಏಳನೇ ಕ್ವಾರ್ಟರ್ ಕೊನೆಗೆ ಬಾಕಿ ಸುಮಾರು 93 ಲಕ್ಷ. ಎಂಟರಲ್ಲಿ ಮಾರಿದ ಆರು ಫ್ಲ್ಯಾಟ್‌ಗಳಿಂದ ಉಳಿದ 63 ಲಕ್ಷ ಬಂದರೆ 36ರ ಹತ್ತಿರ ಇಳಿಯುತ್ತದೆ. ಇನ್ನೊಂದು ಫ್ಲ್ಯಾಟ್ ಮಾರಿದರೆ ಸಾಲ ಪೂರ್ತಿ ಚುಕ್ತಾ.

ಆದರೆ ಆ 63 ಲಕ್ಷದಲ್ಲಿ 18 ಲಕ್ಷ ಕೀ ಕೊಡುವಾಗ ಬರುವ 5%. ಅದಕ್ಕೆ ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಸ್ಥಳೀಯ ಸಂಸ್ಥೆಯ ಪತ್ರ) ಬೇಕು, ಚೆಸ್ಕಾಂನಿಂದ ಕಾಯಂ ಕರೆಂಟ್ ಬೇಕು. ಈಗ ಇ-ಖಾತಾ ಇಲ್ಲದೆ ಕ್ರಯಪತ್ರ ರಿಜಿಸ್ಟರ್ ಆಗುವುದಿಲ್ಲ, ಒಂದೊಂದು ಫ್ಲ್ಯಾಟಿಗೂ ಅದು ಬೇಕು. ಪೇಂಟ್ ಒಣಗುವುದಕ್ಕೂ ಕೀ ಕೊಡುವುದಕ್ಕೂ ನಡುವೆ ಕಾಗದಕ್ಕೆಂದೇ ಒಂದು ಕ್ವಾರ್ಟರ್ ಬಿಡಿ. ನಮ್ಮ ಪಟ್ಟಿಯ ಎಂಟನೇ ಕ್ವಾರ್ಟರ್ ಇರುವುದೇ ಅದಕ್ಕೆ. ಸಾಲದ ಗಡುವನ್ನು ಅದಕ್ಕೂ ಎರಡು ಕ್ವಾರ್ಟರ್ ಮುಂದೆ, ಹತ್ತನೆಯದಕ್ಕೆ ಕೇಳಿ. ಬೇಗ ಮುಗಿದರೆ ಬೇಗ ಕಟ್ಟಬಹುದು. ಅವಧಿಗೆ ಮೊದಲು ಕಟ್ಟಿದರೆ ದಂಡ ಇದೆಯಾ ಅಂತ ಮಾತ್ರ ಸಹಿ ಹಾಕುವ ಮೊದಲೇ ಕೇಳಿ, ಸ್ಯಾಂಕ್ಷನ್ ಲೆಟರ್‌ನಲ್ಲೇ ಬರೆಸಿಕೊಳ್ಳಿ.

ಎರಡೂ ಪಟ್ಟಿಗಳನ್ನು ಪ್ರಪೋಸಲ್‌ಗೆ ಲಗತ್ತಿಸಿ. ನಿಧಾನ ಮಾರಾಟದ್ದು ಮೇಲಿರಲಿ.